ವಿಶ್ವದಾಖಲೆ ಮಾಡಿದವರಿಗೆ ಕಂಚು ಯಾಕೆ? ಸ್ಪೋರ್ಟ್ ಕ್ಲೈಂಬಿಂಗ್ ಅಂಕಗಳ ಲೆಕ್ಕ ಹೀಗಿದೆ

2024ರ ಆಗಸ್ಟ್ 8. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಸ್ಪೀಡ್ ಕ್ಲೈಂಬಿಂಗ್. ಅಮೆರಿಕದ ಸ್ಯಾಮ್ ವಾಟ್ಸನ್ 15 ಮೀಟರ್ ಎತ್ತರದ ಗೋಡೆಯನ್ನು 4.74 ಸೆಕೆಂಡಿನಲ್ಲಿ ಏರಿ ವಿಶ್ವದಾಖಲೆ ಮಾಡಿದರು. ಅವರಿಗೆ ಸಿಕ್ಕಿದ್ದು ಕಂಚು. ಅದಾದ ಮೇಲೆ ಇಂಡೊನೇಷ್ಯಾದ ವೆದ್ರಿಕ್ ಲಿಯೊನಾರ್ಡೊ 4.75 ಸೆಕೆಂಡಿನಲ್ಲಿ ಏರಿ ಚಿನ್ನ ಗೆದ್ದರು!

ಬರೀ ಈ ಎರಡು ವಿಡಿಯೊ ನೋಡಿದರೆ "ಇದೇನಪ್ಪಾ ಮೋಸ" ಅನ್ನಿಸುವುದು ಸಹಜ. ಆದರೆ ಇಲ್ಲಿ ಮೋಸ ಏನೂ ಇಲ್ಲ. ಈ ಆಟದಲ್ಲಿ ಮೂರು ವಿಭಾಗಗಳಿವೆ, ಮೂರರಲ್ಲೂ ಎಣಿಸುವುದು ಬೇರೆ ಬೇರೆ. ಏನನ್ನು ಎಣಿಸುತ್ತಾರೆ ಎಂದು ಗೊತ್ತಾದರೆ ಫಲಿತಾಂಶ ಸುಲಭವಾಗಿ ಅರ್ಥವಾಗುತ್ತದೆ.

ಸ್ಪೀಡ್: ಪಕ್ಕದವರನ್ನು ಸೋಲಿಸಿದರೆ ಸಾಕು

ಸ್ಪೀಡ್ ಗೋಡೆ ಜಗತ್ತಿನ ಎಲ್ಲ ಕಡೆ ಒಂದೇ ತರಹ ಇರುತ್ತದೆ. ಕೈಕಾಲು ಇಡುವ ಹಿಡಿಕೆಗಳ, ಅಂದರೆ ಹೋಲ್ಡ್‌ಗಳ ಆಕಾರ, ಜಾಗ ಎಲ್ಲವೂ ಮೊದಲೇ ನಿಗದಿಯಾಗಿದೆ. ಅದಕ್ಕೇ ಇಲ್ಲಿ ವಿಶ್ವದಾಖಲೆ ಎಂಬ ಮಾತಿಗೆ ಅರ್ಥವಿದೆ.

ಆದರೆ ಪದಕ ನಿರ್ಧಾರವಾಗುವುದು ನಾಕೌಟ್ ಪದ್ಧತಿಯಲ್ಲಿ. ಇಬ್ಬರು ಅಕ್ಕಪಕ್ಕ ಏರುತ್ತಾರೆ, ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ವಾಟ್ಸನ್ ಸೆಮಿಫೈನಲ್‌ನಲ್ಲಿ ಚೀನಾದ ವು ಪೆಂಗ್ ಎದುರು ಸೋತರು. ಆಮೇಲೆ ಅವರಿಗೆ ಉಳಿದದ್ದು ಕಂಚಿನ ಪಂದ್ಯ ಮಾತ್ರ. ದಾಖಲೆ ಬಂದದ್ದು ಆ ಪಂದ್ಯದಲ್ಲಿ. ಫೈನಲ್‌ನಲ್ಲಿ ಲಿಯೊನಾರ್ಡೊ ಅವರ 4.75 ಎದುರು ವು ಪೆಂಗ್ 4.77 ಸೆಕೆಂಡ್ ತೆಗೆದುಕೊಂಡರು. ಕಬಡ್ಡಿಯಲ್ಲಿ ಸೆಮಿಫೈನಲ್ ಸೋತ ತಂಡ ಮೂರನೇ ಸ್ಥಾನದ ಪಂದ್ಯದಲ್ಲಿ ಎಷ್ಟೇ ಅಂಕ ಗಳಿಸಿದರೂ ಚಾಂಪಿಯನ್ ಆಗುವುದಿಲ್ಲವಲ್ಲ, ಇದೂ ಹಾಗೆಯೇ.

ಬೌಲ್ಡರಿಂಗ್ ಮತ್ತು ಲೀಡ್: ಇಲ್ಲಿ ವೇಗಕ್ಕೆ ಅಂಕವಿಲ್ಲ

ಬೌಲ್ಡರಿಂಗ್‌ನಲ್ಲಿ ಗೋಡೆ ಗಿಡ್ಡ, ಹಗ್ಗ ಇರುವುದಿಲ್ಲ, ಕೆಳಗೆ ದಪ್ಪ ಮ್ಯಾಟ್ ಇರುತ್ತದೆ. ಏರುವ ದಾರಿ ಪ್ರತಿ ಸ್ಪರ್ಧೆಗೂ ಹೊಸದು. ನಿಗದಿತ ಸಮಯದೊಳಗೆ ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು. ಹಾಗಾಗಿ ಒಬ್ಬರು ಪದೇ ಪದೇ ಬೀಳುತ್ತಿರುವ ವಿಡಿಯೊ ನೋಡಿ ಅವರು ಸೋತರು ಎಂದುಕೊಳ್ಳಬೇಡಿ.

ಲೀಡ್‌ನಲ್ಲಿ ಗೋಡೆ ಎತ್ತರ, ಸೊಂಟಕ್ಕೆ ಹಗ್ಗ, ಸಮಯ 6 ನಿಮಿಷ. ಅವಕಾಶ ಒಂದೇ ಒಂದು. ಕೈ ಜಾರಿತೋ, ಆಟ ಮುಗಿಯಿತು. ಎಷ್ಟನೇ ಹೋಲ್ಡ್‌ವರೆಗೆ ತಲುಪಿದರು ಎಂಬುದೇ ಫಲಿತಾಂಶ.

ಒಬ್ಬರು ಏರಿದರೆ ಇನ್ನೊಬ್ಬರ ಚಿನ್ನ ಹೋಗುತ್ತದೆಯೇ?

ಟೋಕಿಯೊದಲ್ಲಿ ಹೀಗೇ ಆಯಿತು. ಈ ಆಟ ಒಲಿಂಪಿಕ್ಸ್‌ಗೆ ಬಂದದ್ದು ಅಲ್ಲಿಯೇ, 2021ರಲ್ಲಿ. ಆಗ ಮೂರೂ ವಿಭಾಗ ಸೇರಿಸಿ ಪುರುಷರಿಗೆ ಒಂದು, ಮಹಿಳೆಯರಿಗೆ ಒಂದು ಚಿನ್ನ ಮಾತ್ರ ಇತ್ತು. ಪ್ರತಿ ವಿಭಾಗದಲ್ಲಿ ಬಂದ ಸ್ಥಾನಗಳನ್ನು ಒಂದಕ್ಕೊಂದು ಗುಣಿಸುತ್ತಿದ್ದರು. ಗುಣಲಬ್ಧ ಯಾರದ್ದು ಕಡಿಮೆಯೋ ಅವರಿಗೆ ಚಿನ್ನ.

ಪುರುಷರ ಫೈನಲ್‌ನ ಲೆಕ್ಕ ನೋಡಿ. ಸ್ಥಾನಗಳು ಸ್ಪೀಡ್, ಬೌಲ್ಡರಿಂಗ್, ಲೀಡ್ ಕ್ರಮದಲ್ಲಿವೆ:

ಆಲ್ಬರ್ಟೊ ಹಿನೆಸ್ ಲೋಪೆಸ್ (ಸ್ಪೇನ್): 1 × 7 × 4 = 28, ಚಿನ್ನ
ನಥಾನಿಯಲ್ ಕೋಲ್ಮನ್ (ಅಮೆರಿಕ): 6 × 1 × 5 = 30, ಬೆಳ್ಳಿ
ಯಾಕೋಬ್ ಶುಬರ್ಟ್ (ಆಸ್ಟ್ರಿಯಾ): 7 × 5 × 1 = 35, ಕಂಚು
ಆಡಮ್ ಓಂದ್ರಾ (ಜೆಕ್ ಗಣರಾಜ್ಯ): 4 × 6 × 2 = 48, ಆರನೇ ಸ್ಥಾನ

ಲೀಡ್‌ನಲ್ಲಿ ಕೊನೆಯದಾಗಿ ಏರಿದ್ದು ಶುಬರ್ಟ್. ಅಲ್ಲಿಯವರೆಗೆ ಲೀಡ್‌ನಲ್ಲಿ ಓಂದ್ರಾ ಮೊದಲಿದ್ದರು. ಶುಬರ್ಟ್ ಗೋಡೆಯ ತುದಿ ಮುಟ್ಟಿದರು, ಓಂದ್ರಾ ಎರಡನೆಯವರಾದರು. ಒಂದು ವೇಳೆ ಶುಬರ್ಟ್ ಓಂದ್ರಾಗಿಂತ ಸ್ವಲ್ಪವೇ ಕೆಳಗೆ ಬಿದ್ದು ಎರಡನೆಯವರಾಗಿದ್ದರೆ? ಓಂದ್ರಾ ಲೆಕ್ಕ 4 × 6 × 1 = 24. ಚಿನ್ನ ಅವರದೇ! ಮೊದಲನೇ ಸ್ಥಾನ ಎರಡಕ್ಕೆ ಇಳಿದದ್ದೇ ತಡ, ಗುಣಲಬ್ಧ ದುಪ್ಪಟ್ಟಾಗಿ ಅವರು ಆರನೇ ಸ್ಥಾನಕ್ಕೆ ಕುಸಿದರು.

ಹಿನೆಸ್ ಲೋಪೆಸ್ ಆಗಲಿ ಓಂದ್ರಾ ಆಗಲಿ ಆ ಹೊತ್ತಿಗೆ ಏರಿ ಮುಗಿಸಿದ್ದರು. ಆದರೂ ಅವರಿಬ್ಬರಲ್ಲಿ ಯಾರು ಮುಂದೆ ಎಂಬುದನ್ನು ಮೂರನೆಯವರೊಬ್ಬರು ಏರಿದ್ದು ಬದಲಿಸಿತು. ಸ್ಥಾನಗಳನ್ನು ಗುಣಿಸುವ ಪದ್ಧತಿಯ ದೊಡ್ಡ ತೊಡಕು ಇದೇ. ಇನ್ನೊಂದು ತೊಡಕೂ ಇದೆ. ಕೂದಲೆಳೆಯ ಅಂತರದಲ್ಲಿ ಗೆದ್ದರೂ ಭಾರಿ ಅಂತರದಲ್ಲಿ ಗೆದ್ದರೂ ಮೊದಲ ಸ್ಥಾನದ ಬೆಲೆ ಒಂದೇ.

ಪ್ಯಾರಿಸ್‌ನಲ್ಲಿ ಬದಲಾದದ್ದೇನು?

2024ರಲ್ಲಿ ಸ್ಪೀಡ್‌ಗೆ ಬೇರೆ ಪದಕ ಕೊಟ್ಟರು. ಬೌಲ್ಡರಿಂಗ್ ಮತ್ತು ಲೀಡ್ ಮಾತ್ರ ಒಟ್ಟಿಗೆ ಉಳಿದವು. ಗುಣಿಸುವುದನ್ನು ಕೈಬಿಟ್ಟು, ಒಂದೊಂದಕ್ಕೂ 100 ಅಂಕ ಇಟ್ಟು ಕೂಡಿಸಿದರು.

ಬೌಲ್ಡರಿಂಗ್‌ನಲ್ಲಿ 4 ಗೋಡೆಗಳು, ತುದಿ ಮುಟ್ಟಿದರೆ ಒಂದೊಂದಕ್ಕೂ 25 ಅಂಕ. ದಾರಿಯಲ್ಲಿ ಗುರುತು ಮಾಡಿದ ಎರಡು ಹೋಲ್ಡ್‌ಗಳಿರುತ್ತವೆ. ಮೊದಲನೆಯದರವರೆಗೆ ಹೋದರೆ 5, ಎರಡನೆಯದರವರೆಗೆ ಹೋದರೆ 10. ಪ್ರತಿ ವಿಫಲ ಪ್ರಯತ್ನಕ್ಕೆ 0.1 ಕಳೆಯುತ್ತಾರೆ. ಮೂರನೇ ಪ್ರಯತ್ನದಲ್ಲಿ ತುದಿ ಮುಟ್ಟಿದರೆ 24.8 ಅಂಕ ಸಿಗುತ್ತದೆ.

ಲೀಡ್‌ನಲ್ಲಿ ಮೇಲಿನ 40 ಹೋಲ್ಡ್‌ಗಳಿಗೆ ಮಾತ್ರ ಅಂಕ. ತುದಿಯ 10 ಹೋಲ್ಡ್‌ಗಳಿಗೆ ತಲಾ 4, ಅದರ ಕೆಳಗಿನ 10ಕ್ಕೆ ತಲಾ 3, ಮತ್ತೆ 10ಕ್ಕೆ ತಲಾ 2, ಕೊನೆಯ 10ಕ್ಕೆ ತಲಾ 1. ಒಟ್ಟು 100. ಒಂದು ಹೋಲ್ಡ್ ಹಿಡಿದು ಮುಂದಿನದಕ್ಕೆ ಸರಿಯಾಗಿ ಕೈ ಚಾಚಿ ಬಿದ್ದರೆ ಇನ್ನೂ 0.1 ಸೇರುತ್ತದೆ.

ಈಗ ಪ್ಯಾರಿಸ್‌ನ ಪುರುಷರ ಫೈನಲ್ ನೋಡೋಣ. ಬೌಲ್ಡರಿಂಗ್ ಮುಗಿದಾಗ ಜಪಾನಿನ ಸೊರಾಟೊ ಅನ್ರಾಕು 69.3 ಅಂಕ ಗಳಿಸಿದ್ದರು, ಬ್ರಿಟನ್ನಿನ ಟೋಬಿ ರಾಬರ್ಟ್ಸ್ 63.1. ಲೀಡ್‌ನಲ್ಲಿ ರಾಬರ್ಟ್ಸ್ 92.1 ಗಳಿಸಿದರು, ಅಂದರೆ ತುದಿಗೆ ಎರಡೇ ಹೋಲ್ಡ್ ಬಾಕಿ. ಅನ್ರಾಕು ಆರು ಹೋಲ್ಡ್ ಬಾಕಿ ಇರುವಾಗ 76.1ಕ್ಕೆ ಬಿದ್ದರು. ಒಟ್ಟು 155.2 ಅಂಕ ಪಡೆದ ರಾಬರ್ಟ್ಸ್‌ಗೆ ಚಿನ್ನ, 145.4 ಪಡೆದ ಅನ್ರಾಕುಗೆ ಬೆಳ್ಳಿ. ಲೀಡ್‌ನಲ್ಲಿ ಇಬ್ಬರಿಗಿಂತ ಮೇಲೆ, 96 ಅಂಕದವರೆಗೆ ಏರಿದ್ದು ಅದೇ ಶುಬರ್ಟ್. ಆದರೆ ಬೌಲ್ಡರಿಂಗ್‌ನಲ್ಲಿ ಸಿಕ್ಕಿದ್ದು 43.6 ಮಾತ್ರ, ಹಾಗಾಗಿ ಮತ್ತೆ ಕಂಚು.

ಟೋಕಿಯೊಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಇಲ್ಲಿ ಶುಬರ್ಟ್ ಎಷ್ಟೇ ಮೇಲೆ ಏರಿದರೂ ಬೇರೆಯವರ ಅಂಕ ಒಂದಿಷ್ಟೂ ಕಡಿಮೆಯಾಗಲಿಲ್ಲ. ನೀವು ಗಳಿಸಿದ ಅಂಕ ನಿಮ್ಮದೇ.

ಹಾಗಂತ ಈ ಪದ್ಧತಿಯಲ್ಲಿ ದೋಷವೇ ಇಲ್ಲ ಎಂದಲ್ಲ. ದಾರಿ ರೂಪಿಸುವವರು ಬೌಲ್ಡರಿಂಗ್ ಗೋಡೆಗಳನ್ನು ತೀರಾ ಸುಲಭ ಮಾಡಿದರೆ ಎಲ್ಲರಿಗೂ ಸುಮಾರು ಒಂದೇ ಅಂಕ ಬರುತ್ತದೆ, ಆಗ ಪದಕ ನಿರ್ಧರಿಸುವುದು ಲೀಡ್ ಒಂದೇ. ಲಾಸ್ ಏಂಜಲೀಸ್ 2028ರಲ್ಲಿ ಈ ಜಂಜಾಟವೂ ಇರುವುದಿಲ್ಲ. ಬೌಲ್ಡರಿಂಗ್, ಲೀಡ್, ಸ್ಪೀಡ್ ಮೂರಕ್ಕೂ ಪ್ರತ್ಯೇಕ ಪದಕಗಳಿವೆ.

ಹಾಗಾಗಿ ಮುಂದಿನ ಸಲ ಕ್ಲೈಂಬಿಂಗ್ ವಿಡಿಯೊ ಗ್ರೂಪಿಗೆ ಬಂದರೆ ಎರಡು ವಿಷಯ ನೋಡಿ: ಇದು ಯಾವ ವಿಭಾಗ, ಯಾವ ಸುತ್ತು? ಹಗ್ಗವಿಲ್ಲದೆ ಗಿಡ್ಡ ಗೋಡೆ ಇದ್ದರೆ ಬೌಲ್ಡರಿಂಗ್. ಇಬ್ಬರು ಒಂದೇ ತರಹದ ಗೋಡೆಯನ್ನು ಅಕ್ಕಪಕ್ಕ ಓಡುವಂತೆ ಏರುತ್ತಿದ್ದರೆ ಸ್ಪೀಡ್. ಒಬ್ಬರೇ ಹಗ್ಗ ಕಟ್ಟಿಕೊಂಡು ನಿಧಾನವಾಗಿ, ಲೆಕ್ಕ ಹಾಕಿ ಏರುತ್ತಿದ್ದರೆ ಲೀಡ್. ಇಷ್ಟು ಗೊತ್ತಾದ ಮೇಲೆ ಮೋಸ ಆಯಿತೋ ಇಲ್ಲವೋ ಎಂದು ನೀವೇ ಹೇಳಬಲ್ಲಿರಿ.