ಕ್ಲೋರೋಫಾರ್ಮ್‌ನಿಂದ ಮೂರು ಮೂಲೆಯ ಉಂಗುರ: ಕಾರ್ಬೀನ್ ಮಾಡುವ ಕೆಲಸವೇನು?

ಕ್ಲೋರೋಫಾರ್ಮ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾ ಖಳನಾಯಕನ ಕರವಸ್ತ್ರ. ರಸಾಯನಶಾಸ್ತ್ರಜ್ಞರಿಗೆ ಮಾತ್ರ ಅದು ಇಂಗಾಲದ ಮೂರು ಮೂಲೆಯ ಉಂಗುರ ಕಟ್ಟುವ ಸಾಮಗ್ರಿ. ಈ ಉಂಗುರದ ಹೆಸರು ಸೈಕ್ಲೋಪ್ರೊಪೇನ್. ಕಜ್ಜಿಗೆ ಹಚ್ಚುವ ಪರ್ಮೆಥ್ರಿನ್ ಕ್ರೀಮಿನ ಅಣುವಿನಲ್ಲೂ ಇಂಥದ್ದೊಂದು ಉಂಗುರವಿದೆ. ಅದಕ್ಕೆ ಅಂಟಿದ ಎರಡು ಗುಂಪುಗಳು ಉಂಗುರದ ಒಂದೇ ಬದಿಗಿದ್ದರೆ ಸಿಸ್, ಎದುರುಬದುರು ಇದ್ದರೆ ಟ್ರಾನ್ಸ್. ಪರಮಾಣುಗಳು ಅವೇ ಆದರೂ, ಸಸ್ತನಿಗಳಿಗೆ ಸಿಸ್ ರೂಪವೇ ಹೆಚ್ಚು ವಿಷಕಾರಿ. ಕಾರ್ಖಾನೆಗಳು ಈ ಉಂಗುರವನ್ನು ಬೇರೆ ದಾರಿಗಳಿಂದಲೂ ಕಟ್ಟುತ್ತವೆ. ಬೇಕಾದ ರೂಪವೊಂದೇ ಸಿಗುವಂತೆ ಉಂಗುರ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಇಂಗಾಲಕ್ಕೆ ಯಾವಾಗಲೂ ನಾಲ್ಕು ಬಂಧ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಪೂರ್ತಿ ನಿಜವಲ್ಲ. ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್‌ನಂಥ ಪ್ರಬಲ ಕ್ಷಾರವು ಕ್ಲೋರೋಫಾರ್ಮ್‌ನಿಂದ (CHCl₃) ಒಂದು ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಉಳಿದದ್ದು ಒಂದು ಕ್ಲೋರೈಡನ್ನು ಬಿಟ್ಟುಕೊಡುತ್ತದೆ. ಕೊನೆಗೆ ಸಿಗುವುದು ಎರಡೇ ಬಂಧಗಳ ಇಂಗಾಲ, CCl₂. ಇದೇ ಡೈಕ್ಲೋರೋಕಾರ್ಬೀನ್. ಬಾಟಲಿಯಲ್ಲಿ ತುಂಬಿಡಲು ಆಗದಷ್ಟು ಅಲ್ಪಾಯುಷಿ ಇದು. ಹುಟ್ಟಿದ ಕೂಡಲೇ ಹತ್ತಿರದಲ್ಲಿರುವ ದ್ವಿಬಂಧಕ್ಕೆ ಸೇರಿಕೊಂಡು ಉಂಗುರವಾಗುತ್ತದೆ. 1954ರಲ್ಲಿ ಡೋರಿಂಗ್ ಮತ್ತು ಹಾಫ್‌ಮನ್ ಸೈಕ್ಲೋಹೆಕ್ಸೀನ್ ಬಳಸಿ ಇದನ್ನು ತೋರಿಸಿದರು.

ಆಕಾರದ ಪ್ರಶ್ನೆಗೆ ಉತ್ತರ ಬಂದದ್ದು 1956ರಲ್ಲಿ. ಸ್ಕೆಲ್ ಮತ್ತು ಗಾರ್ನರ್ ಕ್ಲೋರೋಫಾರ್ಮ್ ಬದಲು ಬ್ರೋಮೋಫಾರ್ಮ್ ತೆಗೆದುಕೊಂಡು, ಡೈಬ್ರೋಮೋಕಾರ್ಬೀನನ್ನು ಎರಡು ಬಗೆಯ 2-ಬ್ಯುಟೀನ್‌ಗಳ ಜೊತೆ ಪ್ರತ್ಯೇಕವಾಗಿ ವರ್ತಿಸಲು ಬಿಟ್ಟರು. ಸಿಸ್ ಬ್ಯುಟೀನ್‌ನಲ್ಲಿ ಎರಡು ಮೀಥೈಲ್ ಗುಂಪುಗಳು ಒಂದೇ ಬದಿಗಿರುತ್ತವೆ. ಅದರಿಂದ ಬಂದ ಉಂಗುರದಲ್ಲೂ ಅವು ಒಂದೇ ಬದಿಗಿದ್ದವು. ಟ್ರಾನ್ಸ್ ಬ್ಯುಟೀನ್‌ನಿಂದ ಟ್ರಾನ್ಸ್ ಉಂಗುರವೇ ಬಂತು.

ಇಲ್ಲಿ ಎರಡೂ ಪ್ರಯೋಗ ಮಾಡಲೇಬೇಕು, ಒಂದೇ ಸಾಲದು. ಟ್ರಾನ್ಸ್‌ನಿಂದ ಟ್ರಾನ್ಸ್ ಬಂದದ್ದನ್ನಷ್ಟೇ ನೋಡಿದರೆ, ಅಣು ನಡುವೆ ತಿರುಗಿಕೊಂಡು ಹೆಚ್ಚು ಆರಾಮಾದ ಟ್ರಾನ್ಸ್ ರೂಪಕ್ಕೆ ಬಂದು ನಿಂತಿತೋ ಏನೋ ಎಂಬ ಅನುಮಾನ ಉಳಿಯುತ್ತದೆ. ಇಕ್ಕಟ್ಟಾದ ಸಿಸ್ ರೂಪವೂ ಹಾಗೆಯೇ ಉಳಿದಾಗ ಮಾತ್ರ ಆ ಅನುಮಾನ ಹೋಗುತ್ತದೆ.

ಹೀಗೇಕೆ ಆಗುತ್ತದೆ? ಈ ಕಾರ್ಬೀನ್‌ನಲ್ಲಿ ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್‌ಗಳು ಜೋಡಿಯಾಗಿ ಒಂದೇ ಕಡೆ ಇರುತ್ತವೆ, ಪಕ್ಕದಲ್ಲಿ ಒಂದು ಜಾಗ ಖಾಲಿ. ಇದು ಸಿಂಗ್ಲೆಟ್ ಸ್ಥಿತಿ. ಖಾಲಿ ಜಾಗ ದ್ವಿಬಂಧದ ಎಲೆಕ್ಟ್ರಾನ್‌ಗಳನ್ನು ಸ್ವೀಕರಿಸುತ್ತಿರುವಾಗಲೇ ಆ ಜೋಡಿ ಇನ್ನೊಂದು ಬಂಧವನ್ನು ಕಟ್ಟುತ್ತದೆ. ಎರಡೂ ಬಂಧ ಒಂದೇ ಹಂತದಲ್ಲಿ ಮುಗಿಯುವುದರಿಂದ ನಡುವೆ ತಿರುಗಲು ಅಣುವಿಗೆ ಪುರುಸೊತ್ತೇ ಇಲ್ಲ. ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿರುವ ಟ್ರಿಪ್ಲೆಟ್ ಕಾರ್ಬೀನ್ ಹಾಗಲ್ಲ. ಅದು ಮೊದಲು ಒಂದು ಬಂಧ ಕಟ್ಟಿ ನಿಲ್ಲುತ್ತದೆ. ಆ ಬಿಡುವಿನಲ್ಲಿ, ಮೊದಲು ದ್ವಿಬಂಧವಾಗಿದ್ದು ಈಗ ಒಂಟಿಯಾದ ಬಂಧದ ಸುತ್ತ ಅಣು ತಿರುಗಿ, ಸಿಸ್ ಮತ್ತು ಟ್ರಾನ್ಸ್ ಎರಡೂ ಬೆರೆತು ಸಿಗುತ್ತವೆ. ಒಂದೇ ಬಗೆಯ ಬ್ಯುಟೀನ್ ಹಾಕಿದರೂ ಎರಡು ಬಗೆಯ ಉಂಗುರ ಸಿಕ್ಕಿತೆಂದರೆ ಮೊದಲ ಅನುಮಾನ ಇದರ ಮೇಲೆಯೇ.

ಕ್ಲೋರಿನ್, ಬ್ರೋಮಿನ್ ಇಲ್ಲದ ಬರೀ CH₂ ಸೇರಿಸಬೇಕಾದರೆ? ಬಿಡಿ CH₂ ಮಹಾ ಒರಟು, ಇಂಗಾಲ-ಹೈಡ್ರೋಜನ್ ಬಂಧಗಳ ನಡುವೆಯೂ ನುಗ್ಗುತ್ತದೆ. 1958ರಲ್ಲಿ ಡ್ಯುಪಾಂಟ್ ಕಂಪನಿಯ ಸಿಮನ್ಸ್ ಮತ್ತು ಸ್ಮಿತ್ ಇದಕ್ಕೊಂದು ದಾರಿ ಕಂಡುಕೊಂಡರು: ಡೈಅಯೋಡೋಮೀಥೇನ್ ಜೊತೆ ತಾಮ್ರ ಲೇಪಿಸಿದ ಸತುವಿನ ಪುಡಿ. ಆಗ ಹುಟ್ಟುವ ICH₂ZnI ಬಿಡಿ ಕಾರ್ಬೀನ್ ಅಲ್ಲ, ಸತುವು ಹಿಡಿದುಕೊಂಡಿರುವ ಕಾರ್ಬೀನಾಯ್ಡ್. ಅದು CH₂ ಅನ್ನು ಒಂದೇ ಏಟಿಗೆ ದ್ವಿಬಂಧಕ್ಕೆ ದಾಟಿಸುತ್ತದೆ, ಆಕಾರ ಇಲ್ಲಿಯೂ ಕೆಡುವುದಿಲ್ಲ. ದ್ವಿಬಂಧದ ಪಕ್ಕದ ಇಂಗಾಲದಲ್ಲಿ OH ಗುಂಪಿದ್ದರೆ ಸತು ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ 2-ಸೈಕ್ಲೋಹೆಕ್ಸೆನಾಲ್‌ನಲ್ಲಿ ಹೊಸ ಉಂಗುರ OH ಇರುವ ಬದಿಯಲ್ಲೇ ಮೂಡುತ್ತದೆ.

ಎರಡು ವಿಧಾನಗಳಿಗೂ ತೇವ ಆಗದು, ನೀರು ಕಾರ್ಬೀನನ್ನೂ ಸತುವಿನ ಸಂಯುಕ್ತವನ್ನೂ ಹಾಳುಮಾಡುತ್ತದೆ. ಆದರೆ 1969ರಲ್ಲಿ ಪೋಲೆಂಡ್‌ನ ಮಕೋಶಾ ಗಾಢ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲೇ ಡೈಕ್ಲೋರೋಕಾರ್ಬೀನ್ ಕೆಲಸ ಮಾಡಿಸಿದರು. ಚಿಟಿಕೆ ಅಮೋನಿಯಂ ಲವಣವೊಂದು ಅದರ ಪೂರ್ವರೂಪವಾದ CCl₃⁻ ಅನ್ನು ಕ್ಲೋರೋಫಾರ್ಮ್ ಪದರದೊಳಗೆ ಕರೆತರುತ್ತದೆ. ಕಾರ್ಬೀನ್ ಹುಟ್ಟುವುದು ಅಲ್ಲಿ, ನೀರಿನಿಂದ ದೂರ.

ಮನೆಯಲ್ಲಿ ಮಾತ್ರ ಯಾರೂ ಕ್ಲೋರೋಫಾರ್ಮ್‌ಗೆ ಕ್ಷಾರ ಬೆರೆಸಬೇಡಿ. ಪಾತ್ರೆ ತೊಳೆದ ಅಸಿಟೋನ್ ಒಳಗೆ ಉಳಿದಿದ್ದರೆ ಆ ಮಿಶ್ರಣ ಸ್ಫೋಟಿಸಬಹುದು.