‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರವಿಭಾಗ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದರ ಕ್ಷೇತ್ರಗಣಿತ ಭಾಗದಲ್ಲಿ, ಚತುರಸ್ರ ಭೂಮಿಯನ್ನು ಮುಖಕ್ಕೂ ಭೂಮಿಗೂ (ಮೇಲಿನ ಮತ್ತು ಕೆಳಗಿನ ಭುಜಗಳಿಗೆ) ಸಮಾಂತರವಾದ ರೇಖೆಗಳಿಂದ ಹಂಚುವ ಸೂತ್ರವೊಂದಿದೆ.

ಅದರ ತಾತ್ಪರ್ಯವಿದು: ಭೂಮಿಯ ವರ್ಗದಿಂದ ಮುಖದ ವರ್ಗವನ್ನು ಕಳೆದು, ಶೇಷವನ್ನು ಒಟ್ಟು ಪಾಲುಗಳಿಂದ ಭಾಗಿಸಬೇಕು. ಲಬ್ಧವನ್ನು ಮುಖದ ಕಡೆಯಿಂದ ಎಣಿಸಿದ ಪಾಲುಗಳಿಂದ ಗುಣಿಸಿ, ಮುಖದ ವರ್ಗವನ್ನು ಕೂಡಿಸಿದರೆ, ಅದರ ವರ್ಗಮೂಲವೇ ವಿಭಾಗರೇಖೆಯ ಉದ್ದ.

ಮುಖ 7, ಭೂಮಿ 17, ಲಂಬ 24 ದಂಡಗಳಿರುವ ಹೊಲವನ್ನು ಇಬ್ಬರಿಗೆ ಸಮನಾಗಿ ಹಂಚಬೇಕೆನ್ನೋಣ. ಒಟ್ಟು ಫಲ 288. ವರ್ಗಾಂತರ 240, ಅದರ ಅರ್ಧ 120. ಅದಕ್ಕೆ 49 ಕೂಡಿಸಿದರೆ 169, ಮೂಲ 13. ಮುಖದಿಂದ ಈ ರೇಖೆಯ ದೂರವನ್ನು ತ್ರೈರಾಶಿಕದಿಂದ ಪಡೆಯಬಹುದು: 10 ದಂಡ ಅಗಲ ಹೆಚ್ಚಲು 24 ದಂಡ ಬೇಕಾದರೆ, 6 ಹೆಚ್ಚಲು 14.4 ದಂಡ. ಮೇಲಿನ ಖಂಡದ ಸರಾಸರಿ ಅಗಲ 10, ಫಲ 144. ಕೆಳಗಿನದು 15 ಅಗಲ, 9.6 ಲಂಬ, ಅದೂ 144.

ಲಂಬದ ನಡುವೆ, 12 ದಂಡಕ್ಕೆ, ರೇಖೆ ಎಳೆದರೆ ಸಮಪಾಲಾಗುವುದೆಂಬ ಭ್ರಮೆ ಸಹಜ. ಆಗ ಮೇಲಿನವನಿಗೆ 114, ಕೆಳಗಿನವನಿಗೆ 174 ದೊರೆತು, 60ರ ಅಂತರ ಉಳಿಯುತ್ತದೆ. ಎರಡು ಖಂಡಗಳ ಫಲವನ್ನು ಬೇರೆಬೇರೆಯಾಗಿ ಗಣಿಸಿದರೆ ಈ ದೋಷ ಒಡನೆ ಕಾಣುತ್ತದೆ.

ಮುಖ–ಭೂಮಿಗಳು ಸಮಾಂತರವಲ್ಲದ ಹೊಲಕ್ಕೆ ಈ ಸೂತ್ರ ಸಲ್ಲದು. ಮುಖವು ಶೂನ್ಯವಾದ ತ್ರ್ಯಸ್ರಕ್ಕಾದರೋ ಹಾಗೆಯೇ ಅನ್ವಯಿಸುತ್ತದೆ. ಮೂಲವು ಬಹುಧಾ ಕರಣಿಯಾಗುವುದರಿಂದ, ಹೊಲದಲ್ಲಿ ಅಳೆಯುವವನು ಆಸನ್ನಮಾನದಿಂದಲೇ ತೃಪ್ತನಾಗಬೇಕು.