ವೆಬಿನಾರ್ ಪಠ್ಯರೂಪಾಂತರ

ಸಭೆಯ ಸ್ಲೈಡ್ ಭಾಷಣವನ್ನು ಆನ್‌ಲೈನ್ ಕೇಳುಗರಿಗಾಗಿ ತಿದ್ದಿ ಬರೆಯುವ ಕ್ರಮ. ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ನಾಲೆಯ ಭತ್ತದ ರೈತರಿಗೆ ನೀರುಳಿತಾಯದ ಪಾಠ ಹೇಳಬೇಕೆನ್ನಿ. ಸಭೆಯಲ್ಲಾದರೆ ಗದ್ದೆಯ ನೀರಿನ ಮಟ್ಟ ನೋಡುವ ತೂತುಗಳಿರುವ ಕೊಳವೆಯನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಸಾಕು, ಮುಖಗಳೇ ಉತ್ತರ ಹೇಳುತ್ತವೆ. ವೆಬಿನಾರಿನಲ್ಲಿ ಮುಖ ಕಾಣದು. ಆದ್ದರಿಂದ ಕೊಳವೆಯ ಸ್ಲೈಡನ್ನು ಎರಡಾಗಿ ಒಡೆಯಬೇಕು. ಮೊದಲನೆಯದರಲ್ಲಿ ಕೊಳವೆಯ ಚಿತ್ರ, ಜೊತೆಗೆ ಸಮೀಕ್ಷೆ: “ಗದ್ದೆಯ ಮಣ್ಣಿನ ಮಟ್ಟದಿಂದ ನೀರು ಎಷ್ಟು ಇಳಿದಾಗ ಮತ್ತೆ ಹಾಯಿಸುತ್ತೀರಿ?” ಮುಂದಿನದರಲ್ಲಿ ಉತ್ತರ: 15 ಸೆಂ.ಮೀ. ಉತ್ತರ ಮೊದಲೇ ಕಂಡರೆ ಸಮೀಕ್ಷೆ ವ್ಯರ್ಥ.

ಸಮೀಕ್ಷೆ ತೆರೆದಿರುವಷ್ಟು ಹೊತ್ತು ಹೊಸ ವಿಷಯ ಹೇಳಬಾರದು. ಪ್ರಶ್ನೆಯನ್ನೇ ನಿಧಾನವಾಗಿ ಮತ್ತೆ ಓದಬೇಕು. ಹೆಚ್ಚಿನವರು ತಪ್ಪಿದರೆ ಹೇಳುವ ಮಾತು, ಸರಿಯಿದ್ದರೆ ಹೇಳುವ ಮಾತು, ಎರಡನ್ನೂ ಮೊದಲೇ ಬರೆದಿಡಬೇಕು. ಫೋನ್ ಕರೆಯಿಂದಷ್ಟೇ ಸೇರಿದವರಿಗೆ ಸಮೀಕ್ಷೆ ಕಾಣದು. ಆಯ್ಕೆಗಳನ್ನು ಅವರಿಗಾಗಿ ಗಟ್ಟಿಯಾಗಿ ಓದಲೇಬೇಕು.